ಶಾಲೆಯ ಮೊದಲ ದಿನ ಅಳುವ ಮಗುವಿಗೆ ಟೀಚರ್ ಓದುವ ಪದ್ಯ: ಬರೆಯುವುದು ಹೇಗೆ, ಓದುವುದು ಹೇಗೆ

ಎಲ್‌ಕೆಜಿಗೋ ಅಂಗನವಾಡಿಗೋ ಮೊದಲ ಸಲ ಬಂದ ಮಗು ಬಾಗಿಲಲ್ಲಿ ನಿಂತು ಅಳುತ್ತಿದೆ. ಅದರ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ನನ್ನನ್ನು ಕರೆದುಕೊಂಡು ಹೋಗೋಕೆ ಬರ್ತಾರಾ, ಇಲ್ವಾ? ಬಣ್ಣದ ಗೋಡೆ, ಹೊಸ ಆಟಿಕೆ, ಜಾರುಬಂಡಿ ಯಾವುದೂ ಈ ಪ್ರಶ್ನೆಗೆ ಉತ್ತರ ಅಲ್ಲ. ಮೊದಲ ದಿನ ಓದಲೆಂದು ಬರೆದ ಪದ್ಯಗಳಲ್ಲಿ ಹೆಚ್ಚಿನವು ಇಲ್ಲೇ ಎಡವುತ್ತವೆ. ಶಾಲೆ ಎಷ್ಟು ಚೆಂದ, ಗೆಳೆಯರು ಎಷ್ಟು ಜನ ಅಂತ ಹಾಡುತ್ತವೆ, ಮಗು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ.

ಹಾಗಾಗಿ ನಾವು ಬರೆಯುವ ಪದ್ಯದ ಕೆಲಸ ಒಂದೇ. ಮನೆಯವರು ಬರುತ್ತಾರೆ, ಯಾವಾಗ ಬರುತ್ತಾರೆ, ಅಲ್ಲಿಯವರೆಗೆ ಯಾರು ಜೊತೆಗಿರುತ್ತಾರೆ ಎಂಬುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. ಹದಿನಾರು ಸಾಲು ಸಾಕು. ನಿಧಾನವಾಗಿ ಓದಿದರೆ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಅದಕ್ಕಿಂತ ಜಾಸ್ತಿ ಹೊತ್ತು ನಾಲ್ಕು ವರ್ಷದ ಮಗು ಅಂಥ ಸಂಕಟದಲ್ಲಿ ಕೂತು ಕೇಳುವುದಿಲ್ಲ.

ಮೊದಲ ಹೆಜ್ಜೆ: ಮನೆಯವರನ್ನು ಕೇಳಿಕೊಳ್ಳಿ

ಬರೆಯುವ ಮುಂಚೆ ಮೂರು ವಿಷಯ ಗೊತ್ತಿರಬೇಕು. ಅಡ್ಮಿಷನ್‌ಗೆ ಬಂದಾಗಲೇ ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡರೆ ಮೊದಲ ದಿನದ ಗಡಿಬಿಡಿಯಲ್ಲಿ ಪರದಾಡಬೇಕಾಗಿಲ್ಲ.

ಒಂದು, ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ. ಹಾಜರಿ ಪುಸ್ತಕದ ಹೆಸರು ಎಷ್ಟೋ ಮಕ್ಕಳಿಗೆ ತಮ್ಮದು ಅಂತ ಅನ್ನಿಸಿಯೇ ಇರುವುದಿಲ್ಲ. ಪುಟ್ಟಿ, ಚಿನ್ನು, ಮರಿ ಅಂದರೆ ತಟ್ಟನೆ ತಿರುಗಿ ನೋಡುತ್ತವೆ.

ಎರಡು, ಕರೆದುಕೊಂಡು ಹೋಗಲು ಬರುವವರು ಯಾರು. ಇದನ್ನು ಊಹಿಸಬೇಡಿ. ಅಮ್ಮ ಕೆಲಸಕ್ಕೆ ಹೋಗಿರುತ್ತಾಳೆ, ಅಜ್ಜಿ ಬರುತ್ತಾಳೆ. ಇಲ್ಲವೇ ವ್ಯಾನ್ ಬರುತ್ತದೆ. ಅಮ್ಮನೇ ಇಲ್ಲದ ಮಗುವೂ ಇರಬಹುದು. ಎಲ್ಲರಿಗೂ ಸೇರಿಸಿ "ಅಮ್ಮ ಬರ್ತಾಳೆ" ಅಂತ ಓದಿಬಿಟ್ಟರೆ ಅಂಥ ಮಗುವಿಗೆ ಆಗುವ ನೋವನ್ನು ಆಮೇಲೆ ಸರಿಮಾಡುವುದು ಕಷ್ಟ.

ಮೂರು, ನಿಮ್ಮ ತರಗತಿಯಲ್ಲಿ ಆ ದಿನ ಏನಾದ ಮೇಲೆ ಏನು ಆಗುತ್ತದೆ. ಇದು ನಿಮಗೇ ಗೊತ್ತಿರುವ ವಿಷಯ, ಆದರೂ ಬರೆದುಕೊಳ್ಳಿ. ಈ ವಯಸ್ಸಿನ ಮಗುವಿಗೆ "ಹನ್ನೆರಡೂವರೆಗೆ" ಅಂದರೆ ಅರ್ಥವಾಗುವುದಿಲ್ಲ. "ಊಟ ಆದ ಮೇಲೆ, ಕತೆ ಆದ ಮೇಲೆ" ಅಂದರೆ ಅರ್ಥವಾಗುತ್ತದೆ. ಗಡಿಯಾರ ಗೊತ್ತಿಲ್ಲದಿದ್ದರೂ ಒಂದಾದ ಮೇಲೆ ಒಂದು ಅನ್ನುವುದು ಗೊತ್ತು. ಪದ್ಯಕ್ಕೆ ಬೇಕಾದ ಕಾಲ ಅದೇ.

ಎರಡನೇ ಹೆಜ್ಜೆ: ಕಣ್ಣಿಗೆ ಕಾಣುವ ಒಂದು ವಸ್ತು ಹುಡುಕಿ

ಮನೆಯವರು ಬರುತ್ತಾರೆ ಎಂಬುದು ಬರೀ ಮಾತು. ಅದನ್ನು ನಂಬಲು ಮಗುವಿಗೆ ಎದುರಿಗೆ ಒಂದು ಸಾಕ್ಷಿ ಬೇಕು. ಅದಕ್ಕೆ ಮೂರು ಗುಣ ಇರಲಿ: ಮಗುವಿನ ಸ್ವಂತದ್ದಾಗಿರಬೇಕು, ತರಗತಿಯಿಂದ ಕಾಣುವಂತಿರಬೇಕು, ದಿನದ ಕೊನೆಗೆ ಮಗುವಿನ ಜೊತೆಗೆ ಮನೆಗೆ ಹೋಗುವಂತಿರಬೇಕು.

ನಾನು ಆರಿಸಿಕೊಳ್ಳುವುದು ಚಪ್ಪಲಿ. ನಮ್ಮ ಕಡೆ ಅಂಗನವಾಡಿಯಲ್ಲೂ ಎಷ್ಟೋ ನರ್ಸರಿಗಳಲ್ಲೂ ಚಪ್ಪಲಿ ಬಾಗಿಲ ಹೊರಗೆ ಬಿಡುತ್ತಾರೆ. ಮನೆಗೆ ಹೋಗುವಾಗ ಅದನ್ನು ಹಾಕಿಕೊಳ್ಳಲೇಬೇಕು ಎಂಬುದು ಎರಡು ವರ್ಷದ ಮಗುವಿಗೂ ಗೊತ್ತು. ಹೊರಗೆ ಚಪ್ಪಲಿ ಇದೆ ಅಂದರೆ ಮನೆಗೆ ಹೋಗುವುದು ಬಾಕಿ ಇದೆ. ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಜೂನ್ ಮಳೆಯಲ್ಲಿ ಕೊಡೆಯನ್ನೂ ಬಳಸಬಹುದು, ಗೂಟಕ್ಕೆ ನೇತುಹಾಕಿದ ಬ್ಯಾಗನ್ನೂ ಬಳಸಬಹುದು. ಆದರೆ ಮಳೆ ಇಲ್ಲದ ದಿನ ಕೊಡೆ ಇರುವುದಿಲ್ಲ, ಬ್ಯಾಗನ್ನು ಕೆಲವು ಮಕ್ಕಳು ಕೈಬಿಡುವುದೇ ಇಲ್ಲ. ಚಪ್ಪಲಿ ಮಾತ್ರ ದಿನಾ ಅಲ್ಲೇ ಇರುತ್ತದೆ.

ಗೂಡು ಬಿಟ್ಟು ಹಾರುವ ಮರಿಹಕ್ಕಿ, ತಾಯಿಯಿಂದ ದೂರವಾದ ಕರು, ದಾರಿ ತಪ್ಪಿದ ಕುರಿಮರಿ ಇವುಗಳನ್ನು ದಯವಿಟ್ಟು ತರಬೇಡಿ. ದೊಡ್ಡವರ ಕಿವಿಗೆ ಇವು ಮುದ್ದಾಗಿ ಕೇಳುತ್ತವೆ. ಹೆದರಿದ ಮಗುವಿಗೆ ಕೇಳಿಸುವುದು "ತಪ್ಪಿಹೋಯಿತು" ಅನ್ನುವುದು ಮಾತ್ರ. ಕೊನೆಯ ಸಾಲಿನಲ್ಲಿ ಎಲ್ಲ ಸರಿಹೋಗುತ್ತದೆ ನಿಜ, ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗು ಮತ್ತೆ ಜೋರಾಗಿ ಅಳುತ್ತಿರುತ್ತದೆ.

ಮೂರನೇ ಹೆಜ್ಜೆ: ಯಾವ ಮಾತು ಬೇಡ ಅಂತ ಮೊದಲೇ ತೀರ್ಮಾನಿಸಿ

"ಅಳಬೇಡ" ಬೇಡ. ಅಳು ಮಗುವಿನ ಕೈಯಲ್ಲಿಲ್ಲ. ಬೇಡ ಅಂದರೂ ಬಂದೇ ಬರುತ್ತದೆ, ಆಗ ಅಳುವಿನ ಜೊತೆಗೆ ತಪ್ಪು ಮಾಡಿದೆ ಎಂಬ ಭಯವೂ ಸೇರುತ್ತದೆ. "ಜಾಣ ಮಕ್ಕಳು ಅಳಲ್ಲ" ಅನ್ನುವುದು ಇನ್ನೂ ಕೆಟ್ಟದ್ದು. ಅತ್ತ ಮಗುವನ್ನು ಜಾಣರ ಸಾಲಿನಿಂದ ಹೊರಗೆ ಹಾಕಿದ ಹಾಗೆ. ಅಳು ಬಂದರೆ ಬರಲಿ ಅನ್ನುವ ಧೈರ್ಯ ಪದ್ಯಕ್ಕೆ ಇರಬೇಕು.

"ಈಗ ಬರ್ತಾಳೆ", "ಬೇಗ ಬರ್ತಾಳೆ" ಕೂಡ ಬೇಡ. ಮಗು ಅದನ್ನು ಅಕ್ಷರಶಃ ನಂಬುತ್ತದೆ. ಐದು ನಿಮಿಷ ಕಳೆದ ಮೇಲೆ ಬಾಗಿಲ ಕಡೆ ನೋಡುತ್ತದೆ. ಯಾರೂ ಇಲ್ಲ. ಆಗ ನಿಮ್ಮ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ, ನಾಳೆ ನೀವು ಏನು ಓದಿದರೂ ಅದಕ್ಕೆ ಬೆಲೆ ಇರುವುದಿಲ್ಲ.

ಇನ್ನೊಂದನ್ನು ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. "ನಾನೇ ನಿನ್ನ ಇನ್ನೊಬ್ಬ ಅಮ್ಮ" ಎಂಬ ಸಾಲನ್ನು ಟೀಚರುಗಳು ತುಂಬ ಪ್ರೀತಿಯಿಂದಲೇ ಬರೆಯುತ್ತಾರೆ. ಆದರೆ ಅಮ್ಮ ಈಗಷ್ಟೇ ಗೇಟ್ ದಾಟಿ ಹೋಗಿದ್ದಾಳೆ. ಆ ಹೊತ್ತಿನಲ್ಲಿ ಬೇರೊಬ್ಬರು ಬಂದು ನಾನೇ ಅಮ್ಮ ಅಂದರೆ ಮಗುವಿಗೆ ಸಮಾಧಾನ ಆಗುವುದಿಲ್ಲ, ದಿಗಿಲಾಗುತ್ತದೆ. ಟೀಚರ್ ಟೀಚರಾಗಿಯೇ ಇರಲಿ. "ಹತ್ತಿರ ಇದ್ದೇನೆ" ಅಂದರೆ ಸಾಕು, ಅದು ನಿಜವೂ ಹೌದು.

ನಾಲ್ಕನೇ ಹೆಜ್ಜೆ: ನಾಲ್ಕು ಮಾತ್ರೆಯ ಲಯ ಹಿಡಿಯಿರಿ

ಪದ್ಯ ಕಿವಿಗೆ ಹಿತವಾಗುವುದು ಲಯದಿಂದ. ಅದಕ್ಕೆ ಛಂದಸ್ಸಿನ ದೊಡ್ಡ ಪಾಠವೇನೂ ಬೇಡ. ಶಾಲೆಯಲ್ಲಿ ಕಲಿತ ಲಘು, ಗುರು ನೆನಪಿಸಿಕೊಳ್ಳಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ, ಮುಂದೆ ಅರ್ಧಾಕ್ಷರ ಇರುವ ಅಕ್ಷರಕ್ಕೂ ಎರಡು. ಹೀಗೆ "ಚಪ್ಪಲಿ" ಅಂದರೆ ಎರಡು, ಒಂದು, ಒಂದು, ಒಟ್ಟು ನಾಲ್ಕು. "ಹೊರಗಡೆ" ಅಂದರೆ ನಾಲ್ಕು ಲಘು, ಅದೂ ನಾಲ್ಕು.

ಕನ್ನಡದಲ್ಲಿ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳು ಬಳಕೆಯಲ್ಲಿವೆ. ರಗಳೆಗಳಲ್ಲಿ ಉತ್ಸಾಹ ರಗಳೆಯದು ಮೂರರ ನಡೆ, ಮಂದಾನಿಲದ್ದು ನಾಲ್ಕರದ್ದು, ಲಲಿತದ್ದು ಐದರದ್ದು. ಈ ಪದ್ಯಕ್ಕೆ ನಾಲ್ಕೇ ಸರಿ. ಮೂರರ ನಡೆ ಕುಣಿಸುತ್ತದೆ, ಓಡಿಸುತ್ತದೆ. ಆಟದ ಹೊತ್ತಿಗೆ ಅದು ಚೆಂದ. ಐದರದ್ದು ಬಳುಕುತ್ತದೆ, ಅದಕ್ಕೆ ಚಪ್ಪಾಳೆ ಹಾಕಲು ಪುಟ್ಟ ಕೈಗಳಿಗೆ ಬರುವುದಿಲ್ಲ. ನಾಲ್ಕರದ್ದು ಸಮವಾಗಿ ನಡೆಯುತ್ತದೆ. ಮಗುವಿನ ಬೆನ್ನನ್ನು ಮೆಲ್ಲಗೆ ತಟ್ಟುತ್ತಾ ಓದಬಹುದು, ಪ್ರತಿ ಗಣಕ್ಕೆ ಒಂದು ತಟ್ಟು.

ಸಾಲಿನ ಅಳತೆ ಹೀಗಿರಲಿ: ಮೊದಲ ಸಾಲಿಗೆ ನಾಲ್ಕು ಗಣ. ಎರಡನೆಯದಕ್ಕೆ ಮೂರು ಗಣ, ಕೊನೆಗೆ ಎಳೆದು ನಿಲ್ಲಿಸುವ ಒಂದೇ ಅಕ್ಷರ. ಹೀಗೆ ಉದ್ದ, ಗಿಡ್ಡ, ಉದ್ದ, ಗಿಡ್ಡ. ಗಿಡ್ಡ ಸಾಲಿನ ಕೊನೆಯಲ್ಲಿ ತಾನಾಗಿಯೇ ಉಸಿರಿಗೆ ಜಾಗ ಸಿಗುತ್ತದೆ. ಬಿಕ್ಕುತ್ತಿರುವ ಮಗು ಆ ಬಿಡುವಿನಲ್ಲಿ ನಿಮ್ಮ ಜೊತೆಗೇ ಉಸಿರು ಬಿಡುವುದನ್ನು ನೀವೇ ನೋಡಬಹುದು. ಎರಡನೇ ಮತ್ತು ನಾಲ್ಕನೇ ಸಾಲಿಗೆ ಅಂತ್ಯಪ್ರಾಸ ಇರಲಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಪ್ರಾಸ ಹುಡುಕಲು ಹೋದರೆ ಮಾತು ಕೃತಕವಾಗುತ್ತದೆ.

ಒಂದು ಗಣಕ್ಕೆ ಮೂರೇ ಮಾತ್ರೆ ಬಿದ್ದರೂ ತೊಂದರೆ ಇಲ್ಲ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದರೆ ತುಂಬಿಕೊಳ್ಳುತ್ತದೆ. ಐದು ಬಿದ್ದರೆ ಮಾತ್ರ ನಾಲಿಗೆ ತೊಡರುತ್ತದೆ. ಪದ್ಯ ಬರೆದ ಮೇಲೆ ತೊಡೆ ತಟ್ಟಿಕೊಂಡು ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಅವಸರ ಮಾಡಬೇಕಾಗುತ್ತದೋ ಅಲ್ಲಿ ಐದಿದೆ ಅಂತ ತಿಳಿಯಿರಿ.

ಐದನೇ ಹೆಜ್ಜೆ: ಒಂದೊಂದೇ ಸಾಲು ತಿದ್ದಿ

ಮೊದಲು ಮನಸ್ಸಿಗೆ ಬರುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ:

ಅಮ್ಮ ಹೋದಳೆಂದು ಅಳಬೇಡ ಮುದ್ದು ಕಂದ

ಇದರಲ್ಲಿ ಎರಡು ತಪ್ಪಿದೆ. ಮಗುವಿನ ಕಿವಿಗೆ ಬೀಳುವ ಮೊದಲ ಎರಡು ಮಾತು "ಅಮ್ಮ ಹೋದಳು". ಮುಂದಿನದ್ದನ್ನು ಅದು ಕೇಳುವುದೇ ಇಲ್ಲ. ಕೇಳಿದರೂ ಅಲ್ಲಿರುವುದು "ಅಳಬೇಡ". ಲಯವೂ ಇಲ್ಲ. ತಟ್ಟಿಕೊಂಡು ಓದಿದರೆ "ಹೋದಳೆಂದು" ಅನ್ನುವಲ್ಲಿ ತಟ್ಟು ಎಲ್ಲಿ ಬೀಳಬೇಕೆಂದು ತಿಳಿಯುವುದಿಲ್ಲ. ಹೋದವಳನ್ನು ಬಿಟ್ಟು ಈಗ ಇರುವುದನ್ನು ಹೇಳೋಣ. ಮಗುವಿನ ಮೈಯಲ್ಲಿ ಈಗ ಏನಾಗುತ್ತಿದೆ? ಎದೆ ಢವಢವ ಅನ್ನುತ್ತಿದೆ, ಕಣ್ಣಲ್ಲಿ ನೀರಿದೆ. ಅದನ್ನೇ ಹೇಳಿ. ತನಗೆ ಆಗುತ್ತಿರುವುದು ಟೀಚರಿಗೂ ಗೊತ್ತು ಅನ್ನಿಸಿದರೆ ಮಗು ಅರ್ಧ ಹಗುರವಾಗುತ್ತದೆ. ಅಳುವಿನ ಸಾಲು "ಬಂದರೆ ಬರಲಿ ಅಳುವೂ ಕಂದ" ಅಂತ ಆಯಿತು. ನಾಲ್ಕು, ಮೂರು, ನಾಲ್ಕು, ಮೂರು. ತಟ್ಟಿಗೆ ಸರಿಯಾಗಿ ಕೂರುತ್ತದೆ.

ಇನ್ನೊಂದು ಸಾಲು ನೋಡಿ:

ಬೇಗನೆ ಬರುವಳು ಅಮ್ಮ

ಲಯದಲ್ಲಿ ಏನೂ ತಪ್ಪಿಲ್ಲ. ನಾಲ್ಕು, ನಾಲ್ಕು, ಮೂರು. ಆದರೂ ಇದು ಬೇಡ, ಯಾಕೆಂದರೆ "ಬೇಗನೆ" ಅನ್ನುವುದು ಸುಳ್ಳು. ಇಂಥ ಸಾಲನ್ನು ಬಿಡಲು ಮನಸ್ಸು ಬರುವುದಿಲ್ಲ, ಓದಲು ಅಷ್ಟು ಸಲೀಸು. ಆದರೂ ಬಿಡಲೇಬೇಕು. ಇದರ ಜಾಗಕ್ಕೆ "ಅಮ್ಮ ಬಂದೇ ಬರ್ತಾಳೆ" ಅನ್ನೋಣ. "ಬಂದೇ ಬರ್ತಾಳೆ" ಅನ್ನುವಾಗ ಯಾವಾಗ ಅಂತ ಹೇಳಿಲ್ಲ, ಬರುವುದು ಖಂಡಿತ ಅಂತ ಹೇಳಿದೆ. ಯಾವಾಗ ಅನ್ನುವುದನ್ನು ಹಿಂದಿನ ಸಾಲುಗಳು ಹಾಡು, ಆಟ, ಊಟ, ಕತೆ, ಬೆಲ್ಲು ಅಂತ ಸಾಲಾಗಿ ಹೇಳಿರುತ್ತವೆ.

"ಬರುವಳು" ಯಾಕೆ "ಬರ್ತಾಳೆ" ಆಯಿತು? ಮನೆಯಲ್ಲಿ ಯಾರೂ ಮಗುವಿಗೆ ಬರುವಳು ಅನ್ನುವುದಿಲ್ಲ. ಇದೇ ಕಾರಣಕ್ಕೆ "ಅಮ್ಮನು" ಅಂತಲೂ ಬರೆಯಲಿಲ್ಲ. "ಅಮ್ಮನು" ಅಂದರೆ ನಾಲ್ಕು ಮಾತ್ರೆ ಸರಿಯಾಗಿ ತುಂಬುತ್ತದೆ, ಗೊತ್ತು. ಆದರೆ "ಅಮ್ಮ" ಅಂತ ಬಿಟ್ಟು ಮಕಾರವನ್ನು ಸ್ವಲ್ಪ ಎಳೆದರೆ ಮಗುವಿನ ಬಾಯಿಗೆ ಅದೇ ಬರುತ್ತದೆ.

ಪೂರ್ತಿ ಪದ್ಯ

ಎದೆಯಲಿ ಢವಢವ, ಕಣ್ಣಲಿ ನೀರು
ಮೊದಲನೆ ದಿವಸ ಹಾಗೇನೆ
ಬಂದರೆ ಬರಲಿ ಅಳುವೂ ಕಂದ
ಹತ್ತಿರ ಇಲ್ಲೇ ಇದ್ದೇನೆ

ಚಪ್ಪಲಿ ಹೊರಗಡೆ ಕಾಯ್ತಿದೆ ನೋಡು
ಮುಖವನು ಮಾಡಿ ಗೇಟ್ ಕಡೆಗೆ
ಬೆಲ್ಲು ಹೊಡೆದರೆ ನಿನ್ನನು ಹೊತ್ತು
ಹೊರಟೇ ಬಿಡುವುದು ಮನೆ ಕಡೆಗೆ

ಮೊದಲಿಗೆ ಹಾಡು, ಆಮೇಲಾಟ
ಊಟದ ಡಬ್ಬಿ ತೆರೆಯೋಣ
ಕತೆಯೂ ಮುಗಿದರೆ ಬೆಲ್ಲಿನ ಸದ್ದು
ಚಪ್ಪಲಿ ಹಾಕಿ ನಿಲ್ಲೋಣ

ಗೇಟಿನ ಬಳಿಗೆ ಬರುವುದು ಯಾರು?
ಅಮ್ಮ ಬಂದೇ ಬರ್ತಾಳೆ
ನಿನ್ನದೆ ಹೆಸರು ಕೂಗುತ ಬಂದು
ಮನೆಗೇ ಕರ್ಕೊಂಡ್ ಹೋಗ್ತಾಳೆ

ಆರನೇ ಹೆಜ್ಜೆ: ಪ್ರತಿ ಮಗುವಿಗೂ ಹೊಂದಿಸಿ

ಒಂದು ಮಗುವನ್ನೇ ಇಟ್ಟುಕೊಂಡು ನೋಡೋಣ. ನಾಲ್ಕು ವರ್ಷದ ಹುಡುಗಿ, ಮನೆಯಲ್ಲಿ ಪುಟ್ಟಿ ಅನ್ನುತ್ತಾರೆ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಕರೆದುಕೊಂಡು ಹೋಗಲು ಬರುವುದು ಅಜ್ಜಿ. ಬರುವುದು ಅಂಗನವಾಡಿಗೆ, ಹಾಗಾಗಿ ಡಬ್ಬಿ ಇಲ್ಲ, ಅಲ್ಲೇ ಊಟ. ಮೂರು ಜಾಗದಲ್ಲಿ ಮಾತ್ರ ಕೈ ಹಾಕಬೇಕು. "ಅಳುವೂ ಕಂದ" ಅನ್ನುವುದು "ಅಳುವೂ ಪುಟ್ಟಿ" ಆಗುತ್ತದೆ. "ಊಟದ ಡಬ್ಬಿ ತೆರೆಯೋಣ" ಹೋಗಿ "ಬಿಸಿ ಬಿಸಿ ಊಟ ಮಾಡೋಣ" ಬರುತ್ತದೆ, ಪ್ರಾಸವೂ ಕೆಡುವುದಿಲ್ಲ. ಕೊನೆಯ ನುಡಿಯಲ್ಲಿ "ಅಜ್ಜಿ ಬಂದೇ ಬರ್ತಾಳೆ". ಉಳಿದದ್ದೆಲ್ಲ ಹಾಗೇ.

ಇಲ್ಲಿ ಕನ್ನಡ ನಮಗೆ ತುಂಬ ಸಹಾಯ ಮಾಡುತ್ತದೆ. ಅಮ್ಮ, ಅಪ್ಪ, ಅವ್ವ, ಅಜ್ಜ, ಅಜ್ಜಿ, ಅಕ್ಕ, ಅಣ್ಣ, ಅತ್ತೆ ಎಲ್ಲವೂ ಒಂದೇ ಅಳತೆ, ಮೂರು ಮಾತ್ರೆ. ಮಾಮ, ತಾತ ಕೂಡ ಅಷ್ಟೇ. ಯಾರನ್ನು ಹಾಕಿದರೂ ಲಯ ಅಲುಗಾಡುವುದಿಲ್ಲ. ಚಿಕ್ಕಮ್ಮ, ದೊಡ್ಡಮ್ಮ ಮಾತ್ರ ಐದು ಮಾತ್ರೆ, ತೊಡರುತ್ತವೆ. ಮನೆಯಲ್ಲಿ ಚಿಕ್ಕಿ ಅನ್ನುವ ರೂಢಿ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಚಿಕ್ಕಮ್ಮ ಅಂತಲೇ ಓದಿ. ಲಯ ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ಬರುವವರು ತಪ್ಪಬಾರದು. ವ್ಯಾನಿನಲ್ಲಿ ಹೋಗುವ ಮಗುವಿಗೆ "ವ್ಯಾನಿನ ಮಾಮಾ ಬರ್ತಾನೆ" ಅನ್ನಿ, ಕೊನೆಯ ಸಾಲೂ "ಹೋಗ್ತಾನೆ" ಆಗಲಿ. ಅಪ್ಪನಿಗೆ ಬರ್ತಾನೆ ಅನ್ನಬೇಕೋ ಬರ್ತಾರೆ ಅನ್ನಬೇಕೋ ಅನ್ನುವುದು ಆ ಮನೆಯ ರೂಢಿಗೆ ಬಿಟ್ಟದ್ದು. ಎರಡಕ್ಕೂ ಮಾತ್ರೆ ಒಂದೇ.

ಮನೆಮಾತು ಕನ್ನಡ ಅಲ್ಲದ ಮಕ್ಕಳಿಗೆ ಈ ಒಂದು ಪದವನ್ನು ಅವರ ಮಾತಿನಲ್ಲೇ ಹೇಳಿ. ಉರ್ದು ಮನೆಯ ಮಗುವಿಗೆ ಅಮ್ಮಿ, ಮರಾಠಿಯವರಿಗೆ ಆಯಿ, ತುಳುವರಿಗೆ ಅಪ್ಪೆ, ಲಂಬಾಣಿ ತಾಂಡಾದಿಂದ ಬಂದ ಮಗುವಿಗೆ ಯಾಡಿ. ಇವೂ ಮೂರೇ ಮಾತ್ರೆ. ಪದ್ಯದ ಮಿಕ್ಕ ಮಾತು ಅರ್ಥವಾಗದ ಮಗುವೂ ತನ್ನ ಅಮ್ಮನ ಪದ ಕೇಳಿದ ಕೂಡಲೇ ತಲೆ ಎತ್ತುತ್ತದೆ. ಮನೆಯಲ್ಲಿ ಏನನ್ನುತ್ತಾರೆ ಅಂತ ಕೇಳಿಯೇ ಹಾಕಿ. ಒಂದೇ ಭಾಷೆಯವರಲ್ಲೂ ಮನೆಯಿಂದ ಮನೆಗೆ ಬೇರೆ ಇರುತ್ತದೆ.

ಶೂ ಹಾಕುವ ಶಾಲೆಯಾದರೆ "ಶೂಗಳು ಹೊರಗಡೆ" ಅನ್ನಬಹುದು. ಶೂ ಬಿಚ್ಚುವುದೇ ಇಲ್ಲ ಅಂದರೆ ಈ ನುಡಿ ಕೈಬಿಟ್ಟು ಬ್ಯಾಗಿನ ಮೇಲೆ ಬೇರೆ ನಾಲ್ಕು ಸಾಲು ಬರೆಯಿರಿ. ಕಾಣದ ಚಪ್ಪಲಿಯ ಬಗ್ಗೆ ಓದಿದರೆ ಏನೂ ಉಪಯೋಗ ಇಲ್ಲ.

ಏಳನೇ ಹೆಜ್ಜೆ: ಓದುವುದು

ಓದುವ ಕೆಲಸ ಶುರುವಾಗುವುದು ಬಾಗಿಲ ಹೊರಗೆ. ಮಗು ಚಪ್ಪಲಿ ಬಿಚ್ಚಿದ ಮೇಲೆ ನೀವೂ ಕುಕ್ಕರುಗಾಲಿನಲ್ಲಿ ಕೂತು, ಮಗುವಿನ ಕೈಯಿಂದಲೇ ಆ ಜೋಡಿಯನ್ನು ಗೇಟಿನ ಕಡೆ ತಿರುಗಿಸಿ ಇಡಿಸಿ. ಬಿಟ್ಟುಹೋಗಲು ಬಂದವರು ಇನ್ನೂ ಅಲ್ಲೇ ಇರುವಾಗ ಇದು ಆಗಬೇಕು. "ಊಟ ಆಗಿ, ಕತೆ ಆಗಿ, ಬೆಲ್ ಹೊಡೆದ ಮೇಲೆ ಅಜ್ಜಿ ಬರ್ತಾಳೆ" ಅಂತ ಅವರೂ ಒಂದು ಸಲ ಹೇಳಿ, ಟಾಟಾ ಮಾಡಿ ಹೋಗಲಿ. ಮಗು ಆ ಕಡೆ ನೋಡುತ್ತಿರುವಾಗ ಮೆಲ್ಲಗೆ ತಪ್ಪಿಸಿಕೊಂಡು ಹೋಗುವುದನ್ನು ಬಿಡಿಸಿ. ಅವತ್ತಿಗೆ ಅಳು ಕಡಿಮೆ ಆದಂತೆ ಕಂಡರೂ ಮಾರನೇ ದಿನ ಮಗು ಸೆರಗು ಬಿಡುವುದೇ ಇಲ್ಲ, ಯಾವಾಗ ಮಾಯವಾಗುತ್ತಾರೋ ಅನ್ನುವ ಭಯ.

ಜೋರಾಗಿ ಅಳುತ್ತಿರುವಾಗ ಪದ್ಯ ಓದಬೇಡಿ. ಆಗ ಅದಕ್ಕೆ ಮಾತು ಕೇಳಿಸುವುದಿಲ್ಲ. ಪಕ್ಕದಲ್ಲಿ ಕೂತು, ಮಗು ಒಪ್ಪಿದರೆ ಬೆನ್ನು ತಟ್ಟುತ್ತಾ ಇರಿ. ಮಾತಿಲ್ಲದೆ ಬರೀ ಆ ನಾಲ್ಕರ ಲಯದಲ್ಲಿ ಹ್ಞೂಂ ಹ್ಞೂಂ ಅನ್ನುತ್ತಿದ್ದರೂ ನಡೆಯುತ್ತದೆ. ಅಳು ಬಿಕ್ಕಳಿಕೆಗೆ ಇಳಿದು, ಮಗು ಸುತ್ತಮುತ್ತ ಒಮ್ಮೆ ಕಣ್ಣಾಡಿಸಿದರೆ ಅದೇ ಸರಿಯಾದ ಹೊತ್ತು. ಆಗ ಶುರುಮಾಡಿ.

ಹಾಳೆ ನೋಡಿ ಓದಬೇಡಿ, ಬಾಯಿಪಾಠ ಮಾಡಿಕೊಳ್ಳಿ. ಮಗು ನಿಮ್ಮ ಕಣ್ಣು ನೋಡುತ್ತಿರುತ್ತದೆ. ನೆಲದ ಮೇಲೆ ಅದರ ಎತ್ತರಕ್ಕೇ ಕೂರಿ. ಮೊದಲ ನುಡಿಯನ್ನು ತಗ್ಗಿದ ದನಿಯಲ್ಲಿ, ನಿಧಾನವಾಗಿ ಓದಿ. ಎರಡನೆಯದನ್ನು ಓದುವಾಗ ನಿಜವಾಗಿಯೂ ಬಾಗಿಲ ಕಡೆ ಕೈ ತೋರಿಸಿ. "ನೋಡು" ಅಂದಾಗ ಮಗು ನೋಡಬೇಕು, ಅಲ್ಲಿ ಚಪ್ಪಲಿ ಕಾಣಬೇಕು. ಎದ್ದು ಹೋಗಿ ಮುಟ್ಟಿ ಬರುತ್ತೇನೆ ಅಂದರೆ ಹೋಗಿ ಬರಲಿ. ಅಷ್ಟು ಮಾಡಿದ ಮಗು ಪದ್ಯವನ್ನು ನಂಬಿದೆ ಅಂತಲೇ ಅರ್ಥ. ಮೂರನೆಯದಕ್ಕೆ ಬೆರಳು ಮಡಚುತ್ತಾ ಹೋಗಿ: ಹಾಡು, ಆಟ, ಊಟ, ಕತೆ, ಬೆಲ್ಲು. ಐದು ಬೆರಳಿಗೆ ಐದು. ಮಧ್ಯಾಹ್ನದವರೆಗೆ ಇದೇ ಮಗುವಿನ ಗಡಿಯಾರ. ಆಟ ಮುಗಿದ ಮೇಲೆ ಬಂದು "ಅಜ್ಜಿ ಯಾವಾಗ ಬರ್ತಾಳೆ?" ಅಂತ ಕೇಳಿದರೆ ಕೈ ಹಿಡಿದು ಎರಡು ಬೆರಳು ಮಡಚಿ, ಉಳಿದ ಮೂರನ್ನು ತೋರಿಸಿ.

"ಬರುವುದು ಯಾರು?" ಅಂತ ಕೇಳಿ ನಿಲ್ಲಿಸಿ. ಸುಮ್ಮನೆ ಕಾಯಿರಿ. ಉತ್ತರ ಮಗುವಿನ ಬಾಯಿಂದ ಬರಲಿ. ಮೊದಲ ದಿನ ಬಾರದಿದ್ದರೆ ನೀವೇ ಹೇಳಿ, ಒತ್ತಾಯ ಬೇಡ. ಮಕ್ಕಳೆಲ್ಲ ಒಟ್ಟಿಗೆ ಕೂತಾಗ ಕೊನೆಯ ನುಡಿಯನ್ನು ಒಬ್ಬೊಬ್ಬರಿಗೂ ಒಂದೊಂದು ಸಲ ಓದಿ. ಒಬ್ಬ ಅಪ್ಪ ಅನ್ನುತ್ತಾನೆ, ಇನ್ನೊಬ್ಬಳು ಅತ್ತೆ ಅನ್ನುತ್ತಾಳೆ. ಬೇರೆ ಬೇರೆಯವರು ಬರುವುದು ಸಹಜ ಅನ್ನುವುದು ಅಲ್ಲಿಗೆ ಎಲ್ಲರಿಗೂ ತಿಳಿದುಹೋಗುತ್ತದೆ. ಅಮ್ಮ ಬಾರದ ಮಗುವಿಗೆ ತಾನೊಬ್ಬನೇ ಬೇರೆ ಅನ್ನಿಸುವುದಿಲ್ಲ.

ಎಲ್ಲಿ ಕೈಕೊಡುತ್ತದೆ

"ಅಮ್ಮ" ಅನ್ನುವ ಮಾತಿಗೇ ಕೆಲವು ಮಕ್ಕಳು ಮತ್ತೆ ಅಳಲು ಶುರುಮಾಡುತ್ತವೆ. ಹಾಗೆ ಆದರೆ ಪದ್ಯ ಸೋತಿದೆ ಅಂದುಕೊಳ್ಳಬೇಡಿ, ಆ ಮಾತನ್ನು ಮುಚ್ಚಿಡಲೂ ಹೋಗಬೇಡಿ. ಆ ಮಗುವಿಗೆ ಬೆಳಗ್ಗೆ ಮೊದಲ ಎರಡು ನುಡಿ ಮಾತ್ರ ಓದಿ. ಮೂರು, ನಾಲ್ಕನೆಯದನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಿ. ಆಗ ಬರುವ ಹೊತ್ತು ಹತ್ತಿರವಾಗಿರುತ್ತದೆ, ಮಾತು ಕೂಡಲೇ ನಿಜವಾಗುತ್ತದೆ.

ನಿಜವಾದ ತೊಂದರೆ ಅಂದರೆ ಕರೆಯಲು ಬರುವವರು ತಡ ಮಾಡುವುದು. ಬೆಲ್ ಹೊಡೆದಿದೆ, ಉಳಿದವರೆಲ್ಲ ಹೊರಟಿದ್ದಾರೆ, ಅಜ್ಜಿಯ ಸುಳಿವಿಲ್ಲ. ಆಗ ಮತ್ತೆ ಕೊನೆಯ ನುಡಿ ಓದಬೇಡಿ. ಮೂರನೇ ನುಡಿಯ ಕೊನೆಯ ಸಾಲು ಇಂಥ ಹೊತ್ತಿಗೆಂದೇ ಇದೆ. "ಚಪ್ಪಲಿ ಹಾಕಿ ನಿಲ್ಲೋಣ" ಅಂತ ಹೇಳಿದ್ದೀರಿ, ಹಾಗೆ ನಿಲ್ಲಿ. ಚಪ್ಪಲಿ ಹಾಕಿಸಿ, ಕೈ ಹಿಡಿದು ಗೇಟಿನ ಹತ್ತಿರ ನೀವೇ ಜೊತೆಗೆ ನಿಂತುಕೊಳ್ಳಿ. "ಅಜ್ಜಿ ದಾರಿಯಲ್ಲಿದ್ದಾಳೆ, ಬರುವವರೆಗೂ ನಾನು ಹೋಗಲ್ಲ" ಅನ್ನಿ. ಫೋನ್ ಮಾಡಿ ಖಚಿತ ಮಾಡಿಕೊಂಡ ಮೇಲೇ "ದಾರಿಯಲ್ಲಿದ್ದಾಳೆ" ಅನ್ನಬೇಕು. ಮೊದಲ ವಾರವಾದರೂ ಬೆಲ್ಲಿಗೆ ಐದು ನಿಮಿಷ ಮುಂಚೆಯೇ ಬಂದು ನಿಲ್ಲುವಂತೆ ಮನೆಯವರಿಗೆ ಒತ್ತಿ ಹೇಳಿ. ಅವರು ಬಂದು ನಿಂತರೆ ಮಾತ್ರ ಪದ್ಯಕ್ಕೆ ಬೆಲೆ.

ಎರಡನೇ ದಿನ ಹೊಸ ಪದ್ಯ ಬೇಡ. ಅದೇ ಪದ್ಯ, ಅದೇ ಮಾತು, ಅದೇ ಹೊತ್ತು. ನಿಮಗೆ ಬೇಜಾರಾದರೂ ಮಗುವಿಗೆ ಆಗುವುದಿಲ್ಲ. ಒಂದು ಪದ ಬದಲಿಸಿದರೂ ಕೆಲವು ಮಕ್ಕಳು ನಿಮ್ಮನ್ನು ತಿದ್ದುತ್ತವೆ. ಹಾಗೆ ತಿದ್ದಿತು ಅಂದರೆ ಮಗು ಒಗ್ಗಿಕೊಂಡಿದೆ. ಮುಂದೆ ಮಗುವೇ ಆಟದ ನಡುವೆ "ಹೊರಟೇ ಬಿಡುವುದು" ಅಂತ ಗುನುಗತೊಡಗಿದರೆ ದಿನಾ ಓದುವುದನ್ನು ನಿಲ್ಲಿಸಬಹುದು. ಹಬ್ಬದ ರಜೆಯೋ ಜ್ವರವೋ ಬಂದು ಕೆಲವು ದಿನ ಮನೆಯಲ್ಲಿದ್ದು ಮರಳಿದಾಗ ಹಳೆಯ ಅಳು ಮತ್ತೆ ಬರುತ್ತದೆ, ಆಗ ಮತ್ತೆ ತೆಗೆಯಿರಿ. ಆದರೆ ವಾರಗಟ್ಟಲೆ ಕಳೆದರೂ ಮಗು ಶಾಲೆಯಲ್ಲಿ ಊಟ ಮುಟ್ಟುತ್ತಿಲ್ಲ, ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ವಾಂತಿ ಅನ್ನುತ್ತಿದೆ ಅಂದರೆ ಪದ್ಯದ ಮೇಲೆ ಭಾರ ಹಾಕಬೇಡಿ. ಮನೆಯವರ ಜೊತೆ ಕೂತು ಮಾತಾಡಿ, ಮಕ್ಕಳ ವೈದ್ಯರಿಗೆ ತೋರಿಸಲು ಹೇಳಿ.

ಮನೆಗೆ ಕೊಡುವ ಪ್ರತಿ

ಪದ್ಯವನ್ನು ಒಂದು ಹಾಳೆಯಲ್ಲಿ ಬರೆದು ಮನೆಗೂ ಕಳಿಸಿ, ಆದರೆ ಪೂರ್ತಿ ಬೇಡ. ಮೊದಲ ನುಡಿಯ "ಹತ್ತಿರ ಇಲ್ಲೇ ಇದ್ದೇನೆ" ಎಂಬ ಮಾತನ್ನು ರಾತ್ರಿ ಅಮ್ಮ ಹೇಳಿ, ಬೆಳಗ್ಗೆ ಗೇಟಿನಲ್ಲಿ ಬಿಟ್ಟು ಹೋದರೆ ಮಗುವಿಗೆ ಗೊಂದಲ ಆಗುತ್ತದೆ. ಆ ನುಡಿ ಟೀಚರಿನದು, ಶಾಲೆಯಲ್ಲೇ ಇರಲಿ. ಉಳಿದ ಮೂರು ನುಡಿ ಸಾಕು. ಮಲಗುವ ಮುಂಚೆ ಓದುವವರು ನಾಳೆ ಕರೆಯಲು ಬರುವವ‌ರೇ ಆದರೆ ಇನ್ನೂ ಒಳ್ಳೆಯದು, "ಬಂದೇ ಬರ್ತೀನಿ" ಅಂತ ಬದಲಿಸಿಕೊಂಡು ಓದಲಿ. ಕೊನೆಯ ಸಾಲಿನ "ಹೋಗ್ತಾಳೆ" ಕೂಡ "ಹೋಗ್ತೀನಿ" ಆಗುತ್ತದೆ, ಪ್ರಾಸ ಕೂರುತ್ತದೆ. ಹಾಳೆಯ ಕೆಳಗೆ ಒಂದು ಸಾಲು ಬರೆದಿಡಿ: ನಾಳೆ ಕರೆಯಲು ಬೇರೆ ಯಾರಾದರೂ ಬರುವುದಿದ್ದರೆ ಬೆಳಗ್ಗೆ ಬಿಡುವಾಗಲೇ ತಿಳಿಸಿ, ಪದ್ಯದಲ್ಲಿ ಹೆಸರು ಬದಲಿಸಬೇಕು.